ಎಡಿಟಿಂಗ್‌ಗೆ ಮುಂಚೆ ಓದಿಕೊಳ್ಳಿ: ಮುಖದಲ್ಲಿ ಏನು ತಿದ್ದಬಹುದು, ಎಲ್ಲಿ ನಿಲ್ಲಬೇಕು

ನಮಸ್ಕಾರ. ನಿಮ್ಮ ಫೋಟೋ ತೆಗೆದದ್ದಾಯಿತು, ಈಗ ಎಡಿಟಿಂಗ್ ಬಾಕಿ ಇದೆ. ಕೆಲಸಕ್ಕೆ ಕೂರುವ ಮುಂಚೆ ನಾನು ಎಲ್ಲರಿಗೂ ಈ ಟಿಪ್ಪಣಿ ಕಳಿಸುತ್ತೇನೆ. "ಸ್ವಲ್ಪ ಚೆನ್ನಾಗಿ ಕಾಣೋ ಹಾಗೆ ಮಾಡಿ" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬರಿಗೆ ಅದು ಗದ್ದದ ಮೇಲಿನ ಒಂದು ಮೊಡವೆ ತೆಗೆಯುವುದು, ಇನ್ನೊಬ್ಬರಿಗೆ ಹತ್ತು ವರ್ಷ ವಯಸ್ಸು ಇಳಿಸುವುದು. ಯಾವುದು ಅಂತ ಮೊದಲೇ ಗೊತ್ತಾದರೆ ಇಬ್ಬರಿಗೂ ಬೇಸರವಾಗುವುದಿಲ್ಲ.

ಯಾವುದೇ ಬದಲಾವಣೆ ಕೇಳಿದರೂ ನಾನು ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ. ಒಂದು, ಇದನ್ನು ಮಾಡಲು ಬೇಕಾದದ್ದು ಕ್ಯಾಮೆರಾದಲ್ಲಿ ದಾಖಲಾಗಿದೆಯಾ? ಎರಡು, ಇದನ್ನು ಮಾಡಿದ ಮೇಲೆ ಫೋಟೋ ನೋಡಿ ನಿಮ್ಮನ್ನು ಭೇಟಿಯಾಗಲು ಬಂದವರು ಬಾಗಿಲಲ್ಲೇ ಗುರುತು ಹಿಡಿಯುತ್ತಾರಾ? ಮೊದಲನೆಯದು ತಂತ್ರದ ಮಿತಿ. ಎರಡನೆಯದು ನಾನೇ ಹಾಕಿಕೊಂಡ ಮಿತಿ.

ಬರೀ ನಿಯಮ ಹೇಳಿದರೆ ಅರ್ಥವಾಗುವುದು ಕಷ್ಟ. ಅದಕ್ಕೆ ಒಬ್ಬರ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಅವರು ಐವತ್ತರ ಆಸುಪಾಸಿನ ಉಪನ್ಯಾಸಕಿ. ಹೊಸ ಕೆಲಸಕ್ಕೆ ಅರ್ಜಿ ಹಾಕಲು ಭಾವಚಿತ್ರ ಬೇಕಿತ್ತು. ಮೂವತ್ತು ಫ್ರೇಮ್ ತೆಗೆದೆವು. ಅವರು 14ನೇ ಫ್ರೇಮ್ ಆರಿಸಿ ಆರು ಕೋರಿಕೆ ಬರೆದು ಕಳಿಸಿದರು: ಗದ್ದದ ಮೇಲಿನ ಮೊಡವೆ ತೆಗೆಯಬೇಕು, ಕಣ್ಣಿನ ಕೆಳಗಿನ ಕಪ್ಪು ಹೋಗಬೇಕು, ಕನ್ನಡಕದ ಎಡಗಾಜಿನ ಮೇಲಿನ ಹೊಳಪು ಹೋಗಬೇಕು, ಮೇಲ್ದುಟಿಯ ಮೇಲಿನ ಮಚ್ಚೆ ತೆಗೆಯಬೇಕು, ಮುಖ ಸಣ್ಣ ಮಾಡಬೇಕು, ಬಣ್ಣ ಸ್ವಲ್ಪ ಬೆಳ್ಳಗಾಗಬೇಕು. ಈ ಆರರಲ್ಲಿ ಹೆಚ್ಚುಕಡಿಮೆ ಎಲ್ಲರ ಕೋರಿಕೆಯೂ ಬಂದುಬಿಡುತ್ತದೆ.

ಹೆಜ್ಜೆ 1: ತಿದ್ದುವ ಮುಂಚೆ ಫ್ರೇಮ್ ಸರಿಯಾಗಿ ಆರಿಸಿ

ಎಡಿಟಿಂಗ್‌ನ ಅರ್ಧ ಕೆಲಸ ಫ್ರೇಮ್ ಆರಿಸುವುದರಲ್ಲೇ ಮುಗಿಯುತ್ತದೆ. 14ರಲ್ಲಿ ಆ ಮೇಡಂ ತಲೆ ಸ್ವಲ್ಪ ಹಿಂದಕ್ಕೆ ಎತ್ತಿದ್ದರು. ಅದರಿಂದ ಎರಡು ತೊಂದರೆ ಆಗಿತ್ತು. ಗದ್ದದ ಕೆಳಗಿನ ಮಡಿಕೆ ಕಾಣುತ್ತಿತ್ತು, ಲೈಟು ನೇರವಾಗಿ ಕನ್ನಡಕದ ಗಾಜಿಗೆ ಬಡಿದು ಕ್ಯಾಮೆರಾ ಕಡೆ ಬರುತ್ತಿತ್ತು. 22ನೇ ಫ್ರೇಮಿನಲ್ಲಿ ಅವರು ಮುಖವನ್ನು ಒಂದಿಷ್ಟು ಮುಂದೆ ತಂದು ಗದ್ದ ಇಳಿಸಿದ್ದರು. ಗಾಜು ತಿಳಿಯಾಗಿತ್ತು, ದವಡೆಯ ಅಂಚು ಸ್ಪಷ್ಟವಾಗಿತ್ತು. ಮುಖ ಅದೇ, ಲೈಟೂ ಅದೇ. ಬದಲಾದದ್ದು ತಲೆಯ ಕೋನ ಮಾತ್ರ.

ಹಾಗಾದರೆ ಅವರು 14 ಯಾಕೆ ಆರಿಸಿದರು? ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಲ್ಲಿ ಕಂಡ ಹಾಗೆ, ಅಂದರೆ ಎಡಬಲ ತಿರುಗಿದ ರೂಪದಲ್ಲಿ. ಫೋಟೋದಲ್ಲಿ ಅದು ತಿರುಗಿರುವುದಿಲ್ಲ. ಬೈತಲೆ ಆ ಕಡೆ ಹೋದ ಹಾಗೆ, ಒಂದು ಹುಬ್ಬು ಮೇಲೆದ್ದ ಹಾಗೆ ಅನಿಸುತ್ತದೆ. 1977ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. ಜನರಿಗೆ ತಮ್ಮ ಫೋಟೋ ಕನ್ನಡಿಯಂತೆ ತಿರುಗಿಸಿದಾಗ ಜಾಸ್ತಿ ಇಷ್ಟವಾಯಿತು. ಅವರ ಸ್ನೇಹಿತರಿಗೆ ತಿರುಗಿಸದೆ ಇದ್ದದ್ದೇ ಇಷ್ಟವಾಯಿತು. ಅದಕ್ಕೇ ನಾನು ಹೇಳುವುದು: ನೀವು ನಾಲ್ಕೈದು ಫ್ರೇಮ್ ಆರಿಸಿ, ಕೊನೆಯ ಆಯ್ಕೆಯನ್ನು ನಿಮ್ಮನ್ನು ದಿನಾ ನೋಡುವ ಒಬ್ಬರಿಗೆ ಬಿಡಿ. ಮೇಡಂ ತಮ್ಮ ಅಕ್ಕನಿಗೆ ತೋರಿಸಿದರು. ಅಕ್ಕ ಒಂದೇ ನೋಟಕ್ಕೆ 22 ಅಂದರು. ಆರು ಕೋರಿಕೆಯಲ್ಲಿ ಕನ್ನಡಕದ ಹೊಳಪಿನದು ಅಲ್ಲೇ ಮುಗಿಯಿತು. ಮುಖ ಸಣ್ಣ ಮಾಡುವ ಕೋರಿಕೆಯೂ ಅರ್ಧ ಕರಗಿತು.

ಹೆಜ್ಜೆ 2: ಕೋರಿಕೆಯನ್ನು ಜಾಗ ಹೇಳಿ, ಅಳತೆ ಹೇಳಿ ಬರೆಯಿರಿ

"ಮುಖ ಫ್ರೆಶ್ ಆಗಿ ಕಾಣಲಿ" ಅಂದರೆ ನನಗೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. "ಎಡಗಣ್ಣಿನ ಕೆಳಗಿನ ಕಪ್ಪು ಅರ್ಧದಷ್ಟು ಕಮ್ಮಿಯಾಗಲಿ" ಅಂದರೆ ಗೊತ್ತಾಗುತ್ತದೆ. ಫೋಟೋದ ಮೇಲೆ ಬೆರಳಿನಲ್ಲಿ ಗೋಲ ಹಾಕಿ ಸ್ಕ್ರೀನ್‌ಶಾಟ್ ಕಳಿಸಿದರೂ ಸಾಕು. ತೆಗೆಯಬೇಕಾದದ್ದನ್ನು ಬರೆಯುವ ಹಾಗೆಯೇ ಮುಟ್ಟಬಾರದ್ದನ್ನೂ ಬರೆಯಿರಿ. ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು ಕೆಲವರಿಗೆ ಬಹಳ ಪ್ರೀತಿಯದು. ಕೇಳದೆ ತೆಗೆದರೆ ಅದು ನನ್ನ ತಪ್ಪು.

ಒಂದು ವಿನಂತಿ. ನಾನು ಕಳಿಸಿದ ಸ್ಯಾಂಪಲ್ ಫೋಟೋಗೆ ಫೋನಿನಲ್ಲಿ ಬ್ಯೂಟಿ ಫಿಲ್ಟರ್ ಹಾಕಿ "ಇದನ್ನೇ ಮುಂದುವರಿಸಿ" ಅಂತ ವಾಪಸ್ ಕಳಿಸಬೇಡಿ. ಫಿಲ್ಟರ್ ಹಾಕಿದಾಗ ಚರ್ಮದ ವಿವರ ಅಳಿಸಿಹೋಗಿರುತ್ತದೆ. ಅದರ ಮೇಲೆ ನಾನು ಏನೂ ಕಟ್ಟಲಾಗುವುದಿಲ್ಲ. ನಿಮಗೆ ಏನು ಬೇಕು ಅಂತ ತೋರಿಸಲು ಮಾತ್ರ ಕಳಿಸಿ. ಕೆಲಸವನ್ನು ನಾನು ಮೂಲ ಫೈಲಿನಿಂದಲೇ ಮಾಡುತ್ತೇನೆ.

ಹೆಜ್ಜೆ 3: ಹೋಗುವ ಕಲೆ ಯಾವುದು, ಇರುವ ಗುರುತು ಯಾವುದು ಅಂತ ವಿಂಗಡಿಸಿ

ಇದಕ್ಕೆ ಒಂದು ಸುಲಭದ ಅಳತೆ ಇದೆ. ಎರಡು ವಾರ ಬಿಟ್ಟು ಕನ್ನಡಿ ನೋಡಿದರೆ ಅದು ಅಲ್ಲಿ ಇರುತ್ತದಾ? ಮೊಡವೆ, ಶೇವಿಂಗ್ ಗಾಯ, ಸೊಳ್ಳೆ ಕಚ್ಚಿದ ಗುಳ್ಳೆ, ತುಟಿ ಒಡೆದದ್ದು, ನಿದ್ದೆಗೆಟ್ಟು ಕೆಂಪಾದ ಕಣ್ಣು, ಇವೆಲ್ಲ ಎರಡು ವಾರದಲ್ಲಿ ಹೋಗುವಂಥವು. ಇವನ್ನು ನೀವು ಹೇಳದಿದ್ದರೂ ತೆಗೆಯುತ್ತೇನೆ. ಮಚ್ಚೆ, ಹುಟ್ಟುಗುರುತು, ಗಾಯದ ಕಲೆ, ಸುಕ್ಕು, ಗಲ್ಲದ ಗುಳಿ, ಇವು ನಿಮ್ಮ ಮುಖದ ಭಾಗ. ನೀವು ಹೇಳದೆ ಮುಟ್ಟುವುದಿಲ್ಲ.

ಮೊಡವೆ ತೆಗೆಯುವುದು ಸುಲಭ. ಪಕ್ಕದ ಒಳ್ಳೆಯ ಚರ್ಮದ ಮೇಲ್ಮೈಯನ್ನು ತಂದು ಆ ಜಾಗದ ಬಣ್ಣಕ್ಕೆ ಬೆರೆಸುವುದು ಅಷ್ಟೆ. ಹೀಲಿಂಗ್ ಬ್ರಷ್ ಅನ್ನುವ ಸಾಧನ ಇದನ್ನೇ ಮಾಡುತ್ತದೆ. ಮೇಡಂ ಗದ್ದದ ಮೊಡವೆಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಕೆನ್ನೆ ತುಂಬ ಮೊಡವೆ ಇದ್ದಾಗ ಮಾತ್ರ ಕಷ್ಟ, ಯಾಕೆಂದರೆ ತರಲು ಪಕ್ಕದಲ್ಲಿ ಒಳ್ಳೆಯ ಚರ್ಮವೇ ಇರುವುದಿಲ್ಲ. ಆಗ ಒಂದೊಂದನ್ನೂ ಅಳಿಸುವ ಬದಲು ಕೆಂಪು ಬಣ್ಣ ಕಮ್ಮಿ ಮಾಡಿ, ಉಬ್ಬುಗಳ ನೆರಳನ್ನು ತಿಳಿ ಮಾಡುತ್ತೇನೆ. ಮೊಡವೆ ಪೂರ್ತಿ ಹೋಗುವುದಿಲ್ಲ, ಆದರೆ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ.

ಮಚ್ಚೆಯ ವಿಷಯಕ್ಕೆ ಬರೋಣ. ಅದನ್ನು ತೆಗೆಯುವುದೂ ತಂತ್ರದ ದೃಷ್ಟಿಯಿಂದ ಮೊಡವೆಯಷ್ಟೇ ಸುಲಭ. ಮುಖ ನಿಮ್ಮದು, ತೀರ್ಮಾನವೂ ನಿಮ್ಮದೇ. ನಾನು ಮೇಡಂಗೆ ಒಂದೇ ಮಾತು ನೆನಪಿಸಿದೆ. ಅವರು ಒಟ್ಟು ಐದು ಫೋಟೋ ತೆಗೆದುಕೊಳ್ಳುತ್ತಿದ್ದರು. ಒಂದರಲ್ಲಿ ಮಚ್ಚೆ ತೆಗೆದರೆ ಐದರಲ್ಲೂ ತೆಗೆಯಬೇಕು. ಕಾಲೇಜಿನ ಜಾಲತಾಣದಲ್ಲಿ ಈಗಾಗಲೇ ಇರುವ ಹಳೆಯ ಫೋಟೋದಲ್ಲಿ ಅದು ಇದ್ದೇ ಇರುತ್ತದೆ. ಎರಡನ್ನೂ ನೋಡಿದವರಿಗೆ ಗೊತ್ತಾಗುವುದು ಮಚ್ಚೆಯಲ್ಲ, ತೆಗೆಸಿದ್ದು. ಅವರು ಒಂದು ದಿನ ಯೋಚಿಸಿ "ಹಾಗೇ ಇರಲಿ" ಅಂತ ಬರೆದರು. ಬೇರೆಯವರು ಬೇರೆ ತೀರ್ಮಾನ ತೆಗೆದುಕೊಂಡದ್ದೂ ಇದೆ. ಅದಕ್ಕೂ ನನ್ನ ತಕರಾರಿಲ್ಲ.

ಹೆಜ್ಜೆ 4: ಕಣ್ಣಿನ ಕೆಳಗಿನ ಕಪ್ಪು, ಸುಕ್ಕು. ಇಲ್ಲಿ ಕಮ್ಮಿ ಮಾಡುವುದು, ಅಳಿಸುವುದಲ್ಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಡಿಟಿಂಗ್ ಜಾಸ್ತಿ ಕೆಡುವುದು ಇಲ್ಲಿಯೇ.

ಕಣ್ಣಿನ ಕೆಳಗೆ ಕಪ್ಪಾಗಿ ಕಾಣುವುದರಲ್ಲಿ ಮೂರು ಬೇರೆ ಬೇರೆ ಸಂಗತಿ ಬೆರೆತಿರುತ್ತವೆ. ಒಂದು, ಚರ್ಮದ ಬಣ್ಣವೇ ಅಲ್ಲಿ ಕಪ್ಪಾಗಿರುವುದು. ಎರಡು, ಊದಿಕೊಂಡ ಚೀಲದಂಥ ಉಬ್ಬು. ಮೂರು, ಮೇಲಿನಿಂದ ಬಿದ್ದ ಬೆಳಕಿನಿಂದ ಆ ಉಬ್ಬಿನ ಕೆಳಗೆ ಆದ ನೆರಳು. ಬಣ್ಣವನ್ನು ಪಕ್ಕದ ಕೆನ್ನೆಯ ಬಣ್ಣದ ಹತ್ತಿರ ತರಬಹುದು. ನೆರಳನ್ನು ತಿಳಿ ಮಾಡಬಹುದು. ಆದರೆ ಪೂರ್ತಿ ತೆಗೆಯಬಾರದು. ಕೆಳರೆಪ್ಪೆಯ ಕೆಳಗಿನ ಆ ಸಣ್ಣ ಗೆರೆ ಮತ್ತು ಆ ಮೆಲುವಾದ ನೆರಳು ಇದ್ದರೇನೇ ಕಣ್ಣು ಗುಂಡಗೆ, ಗೂಡಿನಲ್ಲಿ ಕೂತ ಹಾಗೆ ಕಾಣುವುದು. ಅದನ್ನು ಅಳಿಸಿದರೆ ಕಣ್ಣನ್ನು ಕೆನ್ನೆಯ ಮೇಲೆ ಅಂಟಿಸಿದ ಹಾಗೆ ಆಗುತ್ತದೆ. ನೋಡಿದವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ತಪ್ಪಾಗಿದೆ ಅಂತ ಗೊತ್ತಾಗುತ್ತದೆ.

ನಾನು ಮಾಡುವ ರೀತಿ ಹೀಗಿದೆ. ತಿದ್ದುಪಡಿಯನ್ನು ಮೂಲ ಚಿತ್ರದ ಮೇಲೆ ಬೇರೆ ಪದರದಲ್ಲಿ ಪೂರ್ತಿಯಾಗಿ ಮಾಡುತ್ತೇನೆ. ಆಮೇಲೆ ಆ ಪದರದ ಗಾಢತೆಯನ್ನು ನೂರರಿಂದ ಇಳಿಸುತ್ತಾ ಬರುತ್ತೇನೆ. ಸಾಮಾನ್ಯವಾಗಿ 40ರಿಂದ 50ರ ಹತ್ತಿರ ಕೈ ನಿಲ್ಲುತ್ತದೆ. ಮೇಡಂ ಫೋಟೋದಲ್ಲಿ 45ಕ್ಕೆ ನಿಲ್ಲಿಸಿದೆ. ಮೊದಲ ಸಲ ನೋಡಿದಾಗ ಅವರು "ಇನ್ನೂ ಇದೆಯಲ್ಲ" ಅಂದರು. ಪೂರ್ತಿ ತೆಗೆದದ್ದನ್ನು ಪಕ್ಕದಲ್ಲಿ ಇಟ್ಟು ಕಳಿಸಿದೆ. ಅದನ್ನು ನೋಡಿ "ಇದು ನನ್ನ ಕಣ್ಣಲ್ಲ" ಅಂತ ಅವರೇ ಹೇಳಿದರು.

ಸುಕ್ಕಿಗೂ ಇದೇ ಲೆಕ್ಕ. ನಗುವಾಗ ಕಣ್ಣಂಚಿನಲ್ಲಿ ನೆರಿಗೆ ಬರುತ್ತದೆ, ಮೂಗಿನ ಪಕ್ಕದಿಂದ ಬಾಯಿಯ ತುದಿವರೆಗೆ ಗೆರೆ ಬರುತ್ತದೆ. ಕೆನ್ನೆ ಮೇಲೆ ಎದ್ದದ್ದರಿಂದ ಬಂದ ಗೆರೆ ಅದು. ಬಾಯಿ ನಗುತ್ತಿದ್ದು ಗೆರೆ ಇಲ್ಲದಿದ್ದರೆ ನಗು ಸುಳ್ಳಾಗಿ ಕಾಣುತ್ತದೆ. ಆಳ ಕಮ್ಮಿ ಮಾಡಬಹುದು, ಗೆರೆ ಅಲ್ಲೇ ಇರಬೇಕು.

ಇನ್ನು "ಸ್ಕಿನ್ ಸ್ಮೂತ್ ಮಾಡಿ" ಅನ್ನುವ ಕೋರಿಕೆ. ಫೋಟೋವನ್ನು ಪೂರ್ತಿ ದೊಡ್ಡದು ಮಾಡಿ ನೋಡಿದರೆ ಮೂಗಿನ ಮೇಲೆ, ಕೆನ್ನೆಯ ಮೇಲೆ ಸಣ್ಣ ಸಣ್ಣ ರಂಧ್ರ ಕಾಣುತ್ತವೆ. ಅವು ಕಾಣಬೇಕು. ಬಣ್ಣದ ಏರುಪೇರನ್ನು ಸಮ ಮಾಡುವುದು ಬೇರೆ, ಆ ರಂಧ್ರಗಳನ್ನು ಮಸುಕು ಮಾಡುವುದು ಬೇರೆ. ಮೊದಲನೆಯದನ್ನು ಮಾಡುತ್ತೇನೆ, ಎರಡನೆಯದನ್ನು ಮಾಡುವುದಿಲ್ಲ. ಮಸುಕು ಮಾಡಿದ ಫೋಟೋವನ್ನು ಗುರುತಿಸುವುದು ಕಷ್ಟವಲ್ಲ. ಕಿವಿ ಮತ್ತು ಕುತ್ತಿಗೆ ನೋಡಿ. ಅಲ್ಲಿ ಚರ್ಮ ಚರ್ಮದ ಹಾಗೆಯೇ ಇದ್ದು, ಮುಖ ಮಾತ್ರ ಮೇಣದ ಹಾಗಿದ್ದರೆ ಯಾರೋ ಜಾಸ್ತಿ ಉಜ್ಜಿದ್ದಾರೆ ಎಂದೇ ಅರ್ಥ. ಹುಬ್ಬಿನ ಬುಡದ ಸಣ್ಣ ಕೂದಲು ಹೊಗೆಯಂತೆ ಕರಗಿದ್ದರೂ ಅಷ್ಟೇ.

ಹಲ್ಲಿನ ವಿಷಯ ಚಿಕ್ಕದು. ಹಳದಿ ಕಮ್ಮಿ ಮಾಡುತ್ತೇನೆ. ಕಣ್ಣಿನ ಬಿಳಿಗಿಂತ ಹಲ್ಲು ಬೆಳ್ಳಗಾಗಬಾರದು, ಅಲ್ಲಿಗೆ ನಿಲ್ಲಿಸುತ್ತೇನೆ.

ಹೆಜ್ಜೆ 5: ಮುಖದ ಆಕಾರ ಮುಟ್ಟುವ ಮುಂಚೆ ಹಿಂದಿನ ಗೋಡೆ ನೋಡಿ

ಮುಖ ಸಣ್ಣ ಮಾಡುವ ಸಾಧನಕ್ಕೆ ಲಿಕ್ವಿಫೈ ಅಂತ ಹೆಸರು. ಒದ್ದೆ ಮಣ್ಣನ್ನು ಬೆರಳಿನಿಂದ ಒತ್ತಿದ ಹಾಗೆ ಅದು ಚಿತ್ರವನ್ನು ಒತ್ತುತ್ತದೆ. ಹೊಸದೇನನ್ನೂ ಸೃಷ್ಟಿಸುವುದಿಲ್ಲ. ದವಡೆಯನ್ನು ಒಳಗೆ ತಳ್ಳಿದರೆ ಪಕ್ಕದಲ್ಲಿ ಇರುವುದೆಲ್ಲ ಅದರ ಜೊತೆ ಬರುತ್ತದೆ. ಹಿಂದೆ ಬಾಗಿಲ ಚೌಕಟ್ಟು, ಕಿಟಕಿಯ ಸರಳು, ಇಟ್ಟಿಗೆಯ ಸಾಲು ಇದ್ದರೆ ಅದು ಕೆನ್ನೆಯ ಪಕ್ಕದಲ್ಲಿ ಬಾಗುತ್ತದೆ. ಬಾಗಿದ ಗೆರೆ ಸಿಕ್ಕರೆ ಫೋಟೋ ಪೂರ್ತಿ ಸುಳ್ಳು ಅನಿಸಿಬಿಡುತ್ತದೆ. ಬರೀ ಬಣ್ಣದ ಪರದೆ ಇದ್ದರೆ ಈ ತೊಂದರೆ ಇಲ್ಲ. ಆದರೆ ಇನ್ನೊಂದು ತೊಂದರೆ ಉಳಿದೇ ಇರುತ್ತದೆ: ಮುಖ ಸಣ್ಣಗಾಯಿತು, ಕುತ್ತಿಗೆ ಮತ್ತು ಭುಜ ಹಾಗೇ ಇವೆ. ಅಳತೆ ತಪ್ಪಿದ್ದು ಕಣ್ಣಿಗೆ ತಕ್ಷಣ ತಿಳಿಯುತ್ತದೆ.

ಹಾಗಾಗಿ ಆಕಾರದಲ್ಲಿ ನಾನು ಮಾಡುವುದು ಕೆಲವೇ ಕೆಲಸ. ಅಂಗಿ ಭುಜದ ಹತ್ತಿರ ಉಬ್ಬಿದ್ದರೆ ಒಳಗೆ ತಳ್ಳುತ್ತೇನೆ. ಕೂದಲು ಒಂದು ಕಡೆ ಒತ್ತಿಹೋಗಿದ್ದರೆ ಸ್ವಲ್ಪ ಎತ್ತುತ್ತೇನೆ. ಕೂತ ಭಂಗಿಯಿಂದ ಗದ್ದದ ಕೆಳಗೆ ಮಡಿಕೆ ಆಗಿದ್ದರೆ ಅಲ್ಲಿನ ನೆರಳನ್ನು ಒಂದಿಷ್ಟು ಗಾಢ ಮಾಡುತ್ತೇನೆ. ಮೇಡಂಗೆ ಮಾಡಿದ್ದು ಈ ಕೊನೆಯದನ್ನೇ. ದವಡೆಯನ್ನು ಒಂದು ಚೂರೂ ತಳ್ಳಲಿಲ್ಲ. ನೆರಳು ಗಾಢವಾದಾಗ ದವಡೆಯ ಅಂಚು ಎದ್ದು ಕಂಡಿತು, ಮುಖ ತಾನಾಗಿಯೇ ತೆಳ್ಳಗೆ ಕಂಡಿತು. ಮೂಗು ಸಣ್ಣ ಮಾಡುವುದು, ಕಣ್ಣು ದೊಡ್ಡದು ಮಾಡುವುದು, ತುಟಿ ದಪ್ಪ ಮಾಡುವುದು, ಇವು ನನ್ನ ಕೆಲಸದಲ್ಲಿ ಇಲ್ಲ.

"ನನ್ನ ಮೂಗು ಫೋಟೋದಲ್ಲಿ ದಪ್ಪ ಬರುತ್ತದೆ" ಅಂತ ತುಂಬಾ ಜನ ಹೇಳುತ್ತಾರೆ. ಅದು ಬಹಳ ಸಲ ಸೆಲ್ಫಿಯ ತಪ್ಪು. ಕ್ಯಾಮೆರಾ ಮುಖಕ್ಕೆ ಹತ್ತಿರವಾದಷ್ಟೂ ಮುಂದಿರುವ ಮೂಗು ಹಿಗ್ಗುತ್ತದೆ, ಹಿಂದಿರುವ ಕಿವಿ ಕುಗ್ಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೆಕ್ಕಾಚಾರದ ಪ್ರಕಾರ 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇ 30ರಷ್ಟು ಜಾಸ್ತಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಈ ಹಿಗ್ಗು ಇರುವುದಿಲ್ಲ. ನಾನು ಸಾಮಾನ್ಯವಾಗಿ 5ರಿಂದ 7 ಅಡಿ ದೂರ ನಿಂತು ತೆಗೆಯುವುದು ಇದಕ್ಕೇ. ಹತ್ತಿರದಿಂದ ತೆಗೆದ ಸೆಲ್ಫಿಯನ್ನು ಕೊಟ್ಟು ಸರಿ ಮಾಡಿ ಅಂದರೆ ಮೂಗನ್ನು ಒತ್ತಬಹುದು. ಆದರೆ ಆ ದೂರದಿಂದ ಕೆನ್ನೆಯ ಹಿಂದೆ ಮರೆಯಾದ ಕಿವಿಯನ್ನು ವಾಪಸ್ ತರಲಾಗುವುದಿಲ್ಲ. ಅದು ಫೈಲಿನಲ್ಲೇ ಇಲ್ಲ.

ಹೆಜ್ಜೆ 6: ದಾಖಲಾಗದೆ ಇರುವುದನ್ನು ಗುರುತಿಸಿ

"ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದಲ್ವಾ?" ಅಂತ ಕೇಳುತ್ತಾರೆ. ಬರೆದು ಸೇರಿಸಬಹುದು, ನಿಜ. ಆದರೆ ಬರೆದದ್ದು ನಿಮ್ಮ ಮುಖ ಅಲ್ಲ, ನನ್ನ ಊಹೆ. ಅಂಥ ಮೂರು ಜಾಗ ಹೇಳುತ್ತೇನೆ.

ಹಣೆಯ ಹೊಳಪು. ಸಾಮಾನ್ಯ ಚಿತ್ರದಲ್ಲಿ ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 255ರವರೆಗೆ ಒಂದೊಂದು ಅಂಕಿ ಇರುತ್ತದೆ. ಬೆವರಿದ ಹಣೆಯ ಮೇಲೆ ಲೈಟು ಬಡಿದು ಮೂರೂ 255 ಮುಟ್ಟಿದರೆ ಅಲ್ಲಿ ಬರೀ ಬಿಳಿ ಇರುತ್ತದೆ. ಚರ್ಮವೇ ದಾಖಲಾಗಿರುವುದಿಲ್ಲ. ಕ್ಯಾಮೆರಾದ ಕಚ್ಚಾ ಫೈಲಿನಲ್ಲಿ ಇನ್ನೂ ಸ್ವಲ್ಪ ವಿವರ ಉಳಿದಿರುತ್ತದೆ, ಅದಕ್ಕೇ ನಾನು ಅದರಿಂದಲೇ ಶುರು ಮಾಡುತ್ತೇನೆ. ಅದರಲ್ಲೂ ಸುಟ್ಟಿದ್ದರೆ ಕತ್ತಲು ಮಾಡಿದಾಗ ಚರ್ಮ ಬರುವುದಿಲ್ಲ, ಬೂದಿ ಬಣ್ಣದ ಪಟ್ಟೆ ಬರುತ್ತದೆ. ನಡುನಡುವೆ ನಿಮ್ಮ ಹಣೆ ಒರೆಸಿಕೊಳ್ಳಲು ಹೇಳುತ್ತಿದ್ದದ್ದು ಇದೇ ಕಾರಣಕ್ಕೆ.

ಕನ್ನಡಕದ ಹೊಳಪು. ಗಾಜಿನ ಅಂಚಿನಲ್ಲಿ ಸಣ್ಣದಾಗಿ ಇದ್ದರೆ ತೆಗೆಯಬಹುದು. ಹಸಿರು ಮಚ್ಚೆಯಂತೆ ಕಣ್ಣಿನ ಪಾಪೆಯನ್ನೇ ಮುಚ್ಚಿದ್ದರೆ, ಅದೇ ಭಂಗಿಯ ಇನ್ನೊಂದು ಫ್ರೇಮಿನಿಂದ ಕಣ್ಣು ತರಬೇಕಾಗುತ್ತದೆ. ಒಂದರ ಹಿಂದೆ ಒಂದು ತೆಗೆದ ಫ್ರೇಮುಗಳಾದರೆ ಇದು ಚೆನ್ನಾಗಿ ಕೂರುತ್ತದೆ, ಯಾಕೆಂದರೆ ತಲೆಯ ಕೋನ, ಬೆಳಕು, ದೂರ ಎಲ್ಲ ಒಂದೇ. ಗುಂಪಿನ ಫೋಟೋದಲ್ಲಿ ಒಬ್ಬರು ಕಣ್ಣು ಮುಚ್ಚಿದಾಗಲೂ ಹೀಗೇ ಮಾಡುತ್ತೇನೆ. ಬೇರೆ ದಿನದ ಫೋಟೋದಿಂದ ಕಣ್ಣು ತಂದರೆ ಬೆಳಕಿನ ದಿಕ್ಕು ಬೇರೆಯಾಗಿ ಮುಖ ಒಡೆದ ಹಾಗೆ ಕಾಣುತ್ತದೆ. ಇನ್ನೊಂದು ಸಂಗತಿ. ಮೈನಸ್ ಪವರ್ ಜಾಸ್ತಿ ಇದ್ದರೆ ಗಾಜಿನ ಒಳಗೆ ಕಾಣುವ ಕೆನ್ನೆಯ ಅಂಚು ಹೊರಗಿನ ಅಂಚಿಗಿಂತ ಒಳಗೆ ಸರಿದಂತೆ ಇರುತ್ತದೆ. ಅದು ಗಾಜಿನ ಸಹಜ ಗುಣ. ನಿಮ್ಮನ್ನು ನೋಡುವವರು ದಿನಾ ಹಾಗೇ ನೋಡುತ್ತಾರೆ. ಅದನ್ನು ಬಿಟ್ಟುಬಿಡುತ್ತೇನೆ.

ನಗದೆ ಇದ್ದ ಮುಖಕ್ಕೆ ನಗು. ಬಾಯಿಯ ತುದಿಯನ್ನು ಮೇಲೆ ಎತ್ತಬಹುದು. ಆದರೆ ನಿಜವಾಗಿ ನಕ್ಕಾಗ ಕೆನ್ನೆ ಏರುತ್ತದೆ, ಕೆಳರೆಪ್ಪೆ ಸ್ವಲ್ಪ ಮೇಲೆ ಬರುತ್ತದೆ, ಕಣ್ಣು ಕಿರಿದಾಗುತ್ತದೆ. ಬಾಯಿ ಮಾತ್ರ ನಕ್ಕು ಕಣ್ಣು ಸುಮ್ಮನಿದ್ದರೆ ನೋಡುವವರಿಗೆ ಕಸಿವಿಸಿ. ಇದನ್ನು ಮಾಡುವುದಿಲ್ಲ, ಮತ್ತೆ ತೆಗೆಯೋಣ ಅನ್ನುತ್ತೇನೆ. ಫೋಕಸ್ ತಪ್ಪಿ ಮಸುಕಾದ ಕಣ್ಣಿಗೂ ಇದೇ ಉತ್ತರ.

ಹೆಜ್ಜೆ 7: ಬಣ್ಣದ ಮಾತು ಬಂದಾಗ

ಮೇಡಂ ಆರನೇ ಕೋರಿಕೆ ಇದೇ ಆಗಿತ್ತು, ಮತ್ತು ನನಗೆ ಅತಿ ಹೆಚ್ಚು ಬರುವ ಕೋರಿಕೆಯೂ ಇದೇ. ಇಲ್ಲಿ ಬೆಳಕಿನ ತಪ್ಪನ್ನು ಸರಿ ಮಾಡುವುದು ಒಂದು, ಮನುಷ್ಯರ ಬಣ್ಣ ಬದಲಿಸುವುದು ಇನ್ನೊಂದು. ಎರಡನ್ನೂ ಬೇರೆ ಮಾಡಿ ನೋಡಬೇಕು.

ಬೆಳಕಿನ ತಪ್ಪು ಇದೆಯಾ ಅಂತ ಕಂಡುಹಿಡಿಯಲು ಮುಖವನ್ನು ನೋಡಬೇಡಿ, ಫೋಟೋದಲ್ಲಿರುವ ಬಿಳಿಯ ಅಥವಾ ಬೂದು ಬಣ್ಣದ ವಸ್ತುವನ್ನು ನೋಡಿ. ಬಿಳಿ ಕಾಲರ್ ಹಳದಿಯಾಗಿ ಕಂಡರೆ ಚರ್ಮವೂ ಅಷ್ಟೇ ಹಳದಿ ಕಡೆಗೆ ಜಾರಿರುತ್ತದೆ. ಕಾಲರ್ ಬೂದಾಗಿದ್ದರೆ ಚಿತ್ರ ಪೂರ್ತಿ ಕತ್ತಲಾಗಿದೆ ಅಂತ. ಇವೆರಡನ್ನೂ ಸರಿ ಮಾಡುವುದು ನನ್ನ ಕರ್ತವ್ಯ, ಯಾರೂ ಕೇಳಬೇಕಾಗಿಲ್ಲ. 22ನೇ ಫ್ರೇಮಿನಲ್ಲಿ ಕಾಲರ್ ನಿಜವಾಗಿಯೂ ಸ್ವಲ್ಪ ಮಂಕಾಗಿತ್ತು. ಅದು ಬಿಳಿಯಾಗುವವರೆಗೆ ಬೆಳಕು ಏರಿಸಿದೆ. ಮೇಡಂ ಮುಖ ಕಳೆಗಟ್ಟಿತು. ಆ ಮೇಲೆ ನಿಲ್ಲಿಸಿದೆ.

ಅಲ್ಲಿಂದ ಮುಂದಕ್ಕೆ ಚರ್ಮವನ್ನಷ್ಟೇ ಬೆಳ್ಳಗೆ ಮಾಡುವುದನ್ನು ನಾನು ಮಾಡುವುದಿಲ್ಲ. ನಿಮ್ಮ ಬಣ್ಣದಲ್ಲಿ ಸರಿಪಡಿಸಬೇಕಾದದ್ದು ಏನೂ ಇಲ್ಲ ಅಂತ ನಾನು ಮನಸಾರೆ ನಂಬಿದ್ದೇನೆ. ತಂತ್ರದ ಕಡೆಯಿಂದಲೂ ಅದು ಕೆಟ್ಟ ಕೆಲಸ. ಕಪ್ಪು ಚರ್ಮದ ಚೆಲುವು ಇರುವುದು ಬೆಳಕು ಬಿದ್ದ ಜಾಗಕ್ಕೂ ನೆರಳಿನ ಜಾಗಕ್ಕೂ ನಡುವಿನ ಏರಿಳಿತದಲ್ಲಿ, ಆ ಕಂದಿನೊಳಗಿನ ಕೆಂಪಿನಲ್ಲಿ. ಅದನ್ನು ಮೇಲಕ್ಕೆ ಎಳೆದರೆ ನೆರಳು ಬೂದಿಯಾಗುತ್ತದೆ, ಕೆನ್ನೆ ಚಪ್ಪಟೆಯಾಗುತ್ತದೆ. ಕಿವಿ, ಕುತ್ತಿಗೆ, ಕೈ ಬೇರೆ ಯಾರದೋ ಅನಿಸುತ್ತದೆ. ಮೇಡಂಗೆ ಇದನ್ನೇ ಬರೆದೆ. ಕಾಲರ್ ಸರಿ ಮಾಡಿದ ಫೋಟೋ ನೋಡಿದ ಮೇಲೆ ಅವರು ಈ ಕೋರಿಕೆಯನ್ನು ಮತ್ತೆ ಎತ್ತಲಿಲ್ಲ.

ಹೆಜ್ಜೆ 8: ಫೋಟೋ ಎಲ್ಲಿಗೆ ಹೋಗುತ್ತದೆ ಅಂತ ಹೇಳಿ

ಪಾಸ್‌ಪೋರ್ಟ್, ವೀಸಾ, ಗುರುತಿನ ಚೀಟಿಗೆ ಹೋಗುವ ಫೋಟೋದಲ್ಲಿ ನಾನು ಮುಖವನ್ನು ಮುಟ್ಟುವುದೇ ಇಲ್ಲ. ಎರಡು ವಾರದ ಅಳತೆಯೂ ಅಲ್ಲಿ ನಡೆಯುವುದಿಲ್ಲ, ಮೊಡವೆ ಇದ್ದರೆ ಇರಲಿ. ಆ ಫೋಟೋವನ್ನು ನಿಮ್ಮ ನಿಜವಾದ ಮುಖದ ಜೊತೆ ಹೋಲಿಸಿ ನೋಡುತ್ತಾರೆ, ಬಹಳ ಕಡೆ ಯಂತ್ರವೇ ನೋಡುತ್ತದೆ. ತಿದ್ದಿದ ಫೋಟೋ ಕೊಟ್ಟರೆ ಅರ್ಜಿ ವಾಪಸ್ ಬರಬಹುದು. ಭಾವಚಿತ್ರಕ್ಕೆ ತಿದ್ದಿದ ಫೋಟೋವನ್ನೇ ಕತ್ತರಿಸಿ ಅದಕ್ಕೆ ಬಳಸಬೇಡಿ. ಬೇಕಿದ್ದರೆ ತಿದ್ದದ ಪ್ರತಿ ಬೇರೆ ಕೇಳಿ, ಕೊಡುತ್ತೇನೆ.

ಜಾಹೀರಾತಿಗೆ ಹೋಗುವ ಫೋಟೋ ಆದರೆ ಅದನ್ನೂ ಮೊದಲೇ ಹೇಳಿ. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ, ಜಾಹೀರಾತಿನಲ್ಲಿ ರೂಪದರ್ಶಿಯ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ತಿದ್ದಿದ್ದರೆ ಚಿತ್ರದ ಜೊತೆ ಹಾಗಂತ ಬರೆಯಲೇಬೇಕು. ನಾರ್ವೆಯಲ್ಲಿ 2022ರ ಜುಲೈಯಿಂದ ಇಂಥದ್ದೇ ನಿಯಮ ಇದೆ.

ಗುಂಪಿನ ಫೋಟೋ ಆದರೆ ಇನ್ನೊಂದು ಮಾತು. ನಿಮ್ಮ ಮುಖದ ಬಗ್ಗೆ ನೀವು ಹೇಳಿ. ಪಕ್ಕದವರ ಹೊಟ್ಟೆ, ತಂಗಿಯ ಮೊಡವೆ, ಇವಕ್ಕೆ ಅವರವರೇ ಹೇಳಬೇಕು. ಮಕ್ಕಳ ಮುಖದಲ್ಲಿ ಮೂಗಿನ ಕೆಳಗೆ ಒಣಗಿದ್ದು, ಬಾಯಿಗೆ ಅಂಟಿದ್ದು ಒರೆಸುತ್ತೇನೆ. ಅದಕ್ಕಿಂತ ಹೆಚ್ಚು ಏನೂ ಮಾಡುವುದಿಲ್ಲ.

ಹೆಜ್ಜೆ 9: ಕಳಿಸಿದ ಸ್ಯಾಂಪಲ್ ಹೇಗೆ ನೋಡಬೇಕು

ಮೊದಲು ಫೋನಿನ ರಾತ್ರಿ ಮೋಡ್ ಆಫ್ ಮಾಡಿ. ಅದು ಪರದೆಗೆ ಹಳದಿ ಬಣ್ಣ ಕೊಡುತ್ತದೆ. ರಾತ್ರಿ ಹನ್ನೊಂದಕ್ಕೆ ನೋಡಿ "ಮುಖ ಹಳದಿಯಾಗಿದೆ" ಅಂತ ಬರೆದವರು ಬೆಳಿಗ್ಗೆ "ಸರಿ ಇದೆ" ಅಂತ ಬರೆದದ್ದು ಎಷ್ಟೋ ಸಲ. ಪರದೆಯ ಬೆಳಕು ಅರ್ಧಕ್ಕಿಂತ ಮೇಲಿರಲಿ.

ಆಮೇಲೆ ಫೋಟೋವನ್ನು ಪೂರ್ತಿಯಾಗಿ ನೋಡಿ, ಹಿಗ್ಗಿಸದೆ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ಗಮನಿಸಿ. ಕಣ್ಣಿಗೋ ನಗುವಿಗೋ ಹೋಗಿದ್ದರೆ ಸರಿ. ಯಾವುದಾದರೂ ಕಲೆಗೆ ಹೋಗಿದ್ದರೆ ಅದನ್ನು ಬರೆದುಕೊಳ್ಳಿ. ಹಿಗ್ಗಿಸಿ ನೋಡುವುದು ಅದಾದ ಮೇಲೆ, ಅದೂ ನಾನು ಜಾಸ್ತಿ ಉಜ್ಜಿದ್ದೇನಾ ಅಂತ ಪರೀಕ್ಷಿಸಲು. ಎರಡು ಬೆರಳಿನಲ್ಲಿ ಹಿಗ್ಗಿಸಿ ರಂಧ್ರ ಎಣಿಸಲು ಕೂತರೆ ಯಾರ ಮುಖವೂ ಪಾಸಾಗುವುದಿಲ್ಲ.

ಒಂದು ರಾತ್ರಿ ಬಿಟ್ಟು ಇನ್ನೊಮ್ಮೆ ನೋಡಿ, ಆಮೇಲೆ ತಿದ್ದುಪಡಿಗಳನ್ನೆಲ್ಲ ಒಂದೇ ಸಲ ಬರೆದು ಕಳಿಸಿ. ಎರಡು ಸುತ್ತಿನ ತಿದ್ದುಪಡಿ ನಮ್ಮ ಮಾತಿನಲ್ಲೇ ಸೇರಿದೆ. ಸಾಮಾನ್ಯವಾಗಿ ಎರಡನೇ ಸುತ್ತಿನಲ್ಲಿ ಜನ ಕೇಳುವುದು ಇನ್ನಷ್ಟು ತಿದ್ದಲು ಅಲ್ಲ, ಮೊದಲ ಸುತ್ತಿನಲ್ಲಿ ಮಾಡಿದ್ದನ್ನು ಸ್ವಲ್ಪ ಇಳಿಸಲು. ಎಲ್ಲ ತಿದ್ದುಪಡಿಯೂ ಬೇರೆ ಬೇರೆ ಪದರದಲ್ಲಿ ಇರುವುದರಿಂದ ಇಳಿಸುವುದು ನನಗೆ ಐದು ನಿಮಿಷದ ಕೆಲಸ. ಕೇಳಲು ಸಂಕೋಚ ಬೇಡ.

ಮೇಡಂ ಕೊನೆಗೆ ಕೇಳಿದ್ದೂ ಅದನ್ನೇ. ಕಣ್ಣಿನ ಕೆಳಗಿನ ತಿದ್ದುಪಡಿಯನ್ನು 45ರಿಂದ 35ಕ್ಕೆ ಇಳಿಸಿದೆ. ಐದೂ ಫೋಟೋಗೆ ಅದೇ ಅಳತೆ ಹಾಕಿದೆ. ತಿದ್ದಿದ ಐದನ್ನೂ, ತಿದ್ದದ ಐದನ್ನೂ ಎರಡು ಬೇರೆ ಫೋಲ್ಡರಿನಲ್ಲಿ ಹಾಕಿ ಕಳಿಸಿದೆ. ನಿಮಗೂ ಹಾಗೆಯೇ ಬರುತ್ತದೆ.